ಐದು ಪೈಸೆ ಅಂದ್ರೆ ಎಷ್ಟು ದುಡ್ಡು?

2024ರ ಬೇಸಿಗೆ. ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಆಫೀಸಿಗೆ ಬಂದು ಫೋನ್ ಮುಂದಿಟ್ಟರು. "13 ರೂಪಾಯಿ 5 ಪೈಸೆಗೆ 1,300 ವೊಡಾಫೋನ್ ಐಡಿಯಾ ಷೇರು ತಗೊಂಡೆ. ಮರುಕ್ಷಣವೇ 65 ರೂಪಾಯಿ ಲಾಸ್ ತೋರಿಸ್ತಿದೆ. ಡೆಲಿವರಿಗೆ ಬ್ರೋಕರೇಜ್ ಇಲ್ಲ ಅಂದಿದ್ರಲ್ಲ ಸರ್?"

ಬ್ರೋಕರೇಜ್ ಇರಲಿಲ್ಲ, ನಿಜ. ಅವರು ಕೊಟ್ಟಿದ್ದು ಒಂದು ಟಿಕ್.

ಮಾರ್ಕೆಟ್ ಡೆಪ್ತ್ ತೆರೆದು ತೋರಿಸಿದೆ. ಎಡಕ್ಕೆ ಕೊಳ್ಳುವವರ ಸಾಲು 13.00ರಲ್ಲಿ, ಬಲಕ್ಕೆ ಮಾರುವವರ ಸಾಲು 13.05ರಲ್ಲಿ. ನಡುವೆ ಯಾರೂ ನಿಲ್ಲುವ ಹಾಗಿಲ್ಲ. 13.02 ಅಂತ ಹಾಕಿದರೆ ಆರ್ಡರ್ ರಿಜೆಕ್ಟ್ ಆಗುತ್ತದೆ, ಯಾಕಂದ್ರೆ ಆಗ ಎನ್‌ಎಸ್‌ಇಯಲ್ಲಿ ಟಿಕ್ ಸೈಜ್ 5 ಪೈಸೆ. ಬೆಲೆ ಏರಿದರೂ ಇಳಿದರೂ ಐದೈದು ಪೈಸೆಯ ಮೆಟ್ಟಿಲಲ್ಲೇ. ಮೇಷ್ಟ್ರು ಮಾರ್ಕೆಟ್ ಆರ್ಡರ್ ಹಾಕಿ ಮೇಲಿನ ಮೆಟ್ಟಿಲಲ್ಲಿ ಕೊಂಡಿದ್ದರು. ತಕ್ಷಣ ಮಾರಿದರೆ ಸಿಗೋದು ಕೆಳಗಿನ ಮೆಟ್ಟಿಲು. 5 ಪೈಸೆ ಗುಣಿಸು 1,300, ಅಲ್ಲಿಗೆ 65 ರೂಪಾಯಿ.

ಸಣ್ಣ ದುಡ್ಡು ಅನ್ನಿಸುತ್ತೆ ಅಲ್ವಾ? ಶೇಕಡಾ ಲೆಕ್ಕ ಹಾಕಿ ನೋಡಿ. 13 ರೂಪಾಯಿಗೆ 5 ಪೈಸೆ ಅಂದರೆ ಸುಮಾರು ಶೇ. 0.38. ಡೆಲಿವರಿಯಲ್ಲಿ ಕೊಳ್ಳುವಾಗ ಶೇ. 0.1, ಮಾರುವಾಗ ಶೇ. 0.1 ಎಸ್‌ಟಿಟಿ ಇದೆ. ಎರಡೂ ಸೇರಿ 0.2. ಅಂದರೆ ಸರ್ಕಾರದ ತೆರಿಗೆಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಈ ಒಂದೇ ಮೆಟ್ಟಿಲಿಗೆ ಹೋಯಿತು. ಕಾಂಟ್ರ್ಯಾಕ್ಟ್ ನೋಟಿನಲ್ಲಿ ಎಸ್‌ಟಿಟಿಗೆ ಒಂದು ಸಾಲು ಇರುತ್ತದೆ, ಇದಕ್ಕೆ ಇರೋದಿಲ್ಲ.

"ಹಾಗಾದ್ರೆ 13.00ಕ್ಕೇ ಲಿಮಿಟ್ ಹಾಕಿದ್ರೆ?" ಅಂದರು. ಹಾಕಬಹುದಿತ್ತು. ಆದರೆ ಅಲ್ಲಿ ಆಗಲೇ ಕೋಟಿಗಟ್ಟಲೆ ಷೇರಿನ ಕ್ಯೂ. ಒಂದೇ ಬೆಲೆಯಲ್ಲಿ ಮೊದಲು ಬಂದವರಿಗೆ ಮೊದಲು. ನಡುವೆ ಮೆಟ್ಟಿಲೇ ಇಲ್ಲದ ಮೇಲೆ ಒಂದು ಪೈಸೆ ಜಾಸ್ತಿ ಕೊಟ್ಟು ಮುಂದೆ ಹೋಗುವ ದಾರಿಯೂ ಇಲ್ಲ. ಕಾಯಬೇಕು, ಇಲ್ಲವೇ ಇಡೀ ಐದು ಪೈಸೆ ತೆರಬೇಕು.

2024ರ ಜೂನ್ 10ರಿಂದ ಎನ್‌ಎಸ್‌ಇ 250 ರೂಪಾಯಿಗಿಂತ ಕಡಿಮೆ ಬೆಲೆಯ ಷೇರುಗಳಿಗೆ ಟಿಕ್ಕನ್ನು 1 ಪೈಸೆಗೆ ಇಳಿಸಿತು. ಮೇಷ್ಟ್ರ ಅದೇ ವ್ಯವಹಾರದಲ್ಲಿ ಒಂದು ಮೆಟ್ಟಿಲಿನ ಖರ್ಚು ಈಗ 13 ರೂಪಾಯಿ. ಇದಕ್ಕೂ ಒಂದು ಮಗ್ಗುಲಿದೆ. ಒಂದೇ ಕಡೆ ಇದ್ದ ಕ್ಯೂ ಐದು ಮೆಟ್ಟಿಲಿಗೆ ಹಂಚಿಹೋಗುತ್ತದೆ. ದೊಡ್ಡ ಆರ್ಡರ್ ಹಾಕಿದರೆ ಮೊದಲ ಬೆಲೆಯಲ್ಲೇ ಎಲ್ಲ ಸಿಗದೆ ಎರಡು-ಮೂರು ಬೆಲೆಯಲ್ಲಿ ತುಂಡುತುಂಡಾಗಿ ಸಿಗಬಹುದು. ಸಾವಿರ ಷೇರಿನವರಿಗೆ ಲಾಭ, ಹತ್ತು ಲಕ್ಷ ಷೇರಿನವರಿಗೆ ಅಷ್ಟೇನಿಲ್ಲ.

2025ರ ಏಪ್ರಿಲ್ 15ರಿಂದ ಮೇಲಿನ ಬೆಲೆಗಳಿಗೂ ಟಿಕ್ ಬದಲಾಯಿತು. 250ರಿಂದ ಸಾವಿರದವರೆಗೆ 5 ಪೈಸೆ, ಸಾವಿರ ದಾಟಿ ಐದು ಸಾವಿರದವರೆಗೆ 10 ಪೈಸೆ, ಹೀಗೇ ಏರುತ್ತಾ 20,000 ದಾಟಿದ್ದಕ್ಕೆ 5 ರೂಪಾಯಿ. ಎಂಆರ್‌ಎಫ್ ಷೇರಿನ ಮೆಟ್ಟಿಲು ಐದು ರೂಪಾಯಿ ಅಂತ ಕೇಳಿ ಗಾಬರಿ ಬೀಳಬೇಡಿ. ಒಂದು ಲಕ್ಷದ ಷೇರಿಗೆ ಅದು ಶೇ. 0.005 ಮಾತ್ರ.

ಇಲ್ಲಿ ಜನ ಎಡವುವುದು ಜಿಟಿಟಿ ಆರ್ಡರಿನಲ್ಲಿ, ಅಂದರೆ ಹೇಳಿಟ್ಟ ಬೆಲೆ ಬಂದಾಗ ತಾನಾಗಿ ಎಕ್ಸ್‌ಚೇಂಜಿಗೆ ಹೋಗುವ ಆರ್ಡರಿನಲ್ಲಿ. ತಿಂಗಳ ಕೊನೆಯ ದಿನದ ಮುಕ್ತಾಯ ಬೆಲೆ ನೋಡಿ ಮುಂದಿನ ತಿಂಗಳ ಟಿಕ್ ನಿಗದಿಯಾಗುತ್ತದೆ. 960 ರೂಪಾಯಿ ಇದ್ದಾಗ ಒಬ್ಬರು 1,025.35ಕ್ಕೆ ಮಾರುವ ಜಿಟಿಟಿ ಹಾಕಿಟ್ಟಿದ್ದರು ಅನ್ನಿ. ಷೇರು ಆ ಬೆಲೆಗೆ ತಾಕುವ ಮೊದಲೇ ತಿಂಗಳ ಕೊನೆಯಲ್ಲಿ 1,010ಕ್ಕೆ ಮುಗಿಯಿತು. ಮರುದಿನದಿಂದ ಟಿಕ್ 10 ಪೈಸೆ. ಆಮೇಲೆ ಬೆಲೆ ತಾಕಿ ಎಕ್ಸ್‌ಚೇಂಜಿಗೆ ಹೋದ 1,025.35 ಹತ್ತು ಪೈಸೆಯ ಲೆಕ್ಕಕ್ಕೆ ಕೂರುವುದಿಲ್ಲ, ರಿಜೆಕ್ಟ್. ಹಳೆಯ ಜಿಟಿಟಿಗಳನ್ನು ತಿಂಗಳ ಮೊದಲ ದಿನ ಒಮ್ಮೆ ನೋಡಿಬಿಡಿ.

ಇನ್ನು ಲಾಟ್, ಅಂದರೆ ಒಮ್ಮೆಗೆ ಕೊಳ್ಳಬೇಕಾದ ಅಥವಾ ಮಾರಬೇಕಾದ ಕನಿಷ್ಠ ಷೇರು. ಮೇನ್ ಬೋರ್ಡಿನಲ್ಲಿ ಲಾಟ್ ಅಂದರೆ ಒಂದೇ ಷೇರು, ಹಾಗಾಗಿ ಯಾರಿಗೂ ಅದರ ನೆನಪೇ ಇರುವುದಿಲ್ಲ. ಸಣ್ಣ ಕಂಪನಿಗಳ ಎಸ್‌ಎಂಇ ಷೇರಿಗೆ ಹೋದಾಗ ಅದು ಅಡ್ಡ ಬರುತ್ತದೆ. ಅಲ್ಲಿ ನೂರು ರೂಪಾಯಿ ಆಸುಪಾಸಿನ ಷೇರಿಗೆ ಲಾಟ್ ಸಾಮಾನ್ಯವಾಗಿ 1,200. ಕನಿಷ್ಠ ವ್ಯವಹಾರವೇ 1,20,000 ರೂಪಾಯಿ. ಕೊಳ್ಳುವವ 99.00, ಮಾರುವವ 100.50 ಹೇಳುತ್ತಿದ್ದರೆ ಅಂತರ ಒಂದೂವರೆ ರೂಪಾಯಿ. ಟಿಕ್ ಎಷ್ಟು ಸಣ್ಣದಿದ್ದರೂ ಇಲ್ಲಿ ಉಪಯೋಗವಿಲ್ಲ. ಟಿಕ್ ಹೇಳೋದು ಅಂತರ ಕನಿಷ್ಠ ಎಷ್ಟಿರಬಹುದು ಅನ್ನೋದನ್ನು ಮಾತ್ರ. ಜನವೇ ಇಲ್ಲದ ಕಡೆ ಅದು ಎಷ್ಟಾದರೂ ಅಗಲವಾಗಬಹುದು. ಒಂದೂವರೆ ರೂಪಾಯಿ ಗುಣಿಸು 1,200 ಅಂದರೆ ಹೋಗಿ ಬರೋಕೇ 1,800 ರೂಪಾಯಿ.

ಅರ್ಧ ಮಾರಿ ಅರ್ಧ ಇಟ್ಟುಕೊಳ್ತೀನಿ ಅಂದರೂ ಆಗುವುದಿಲ್ಲ. ಬೋನಸ್ ಬಂದು ಕೈಯಲ್ಲಿ ಲಾಟಿಗಿಂತ ಕಡಿಮೆ ಷೇರು ಉಳಿದರೆ ಅದನ್ನು ಆ ಷೇರಿಗೆ ಕೊಳ್ಳುವ-ಮಾರುವ ಬೆಲೆ ಎರಡನ್ನೂ ಹೇಳುತ್ತಾ ನಿಲ್ಲುವ ಮಾರ್ಕೆಟ್ ಮೇಕರ್‌ಗೆ ಮಾರಬಹುದು. ಆದರೆ ನಿಮ್ಮ ಹತ್ತಿರ ಇರುವುದಷ್ಟನ್ನೂ ಒಟ್ಟಿಗೇ ಕೊಡಬೇಕು, ಅದೂ ಅವನು ಹೇಳಿದ ರೇಟಿಗೆ.

ಮೇಷ್ಟ್ರು ಈಗ ಆರ್ಡರ್ ಹಾಕುವ ಮುಂಚೆ ಡೆಪ್ತ್ ನೋಡಿ, ಎಡದ ಬೆಲೆಗೂ ಬಲದ ಬೆಲೆಗೂ ಇರುವ ವ್ಯತ್ಯಾಸವನ್ನು ಷೇರಿನ ಸಂಖ್ಯೆಯಿಂದ ಗುಣಿಸಿ ಡೈರಿಯಲ್ಲಿ ಬರೆದಿಡುತ್ತಾರೆ. ಆ ಕಾಲಮ್ಮಿಗೆ ಅವರಿಟ್ಟ ಹೆಸರು 'ಬಾಗಿಲ ಬಾಡಿಗೆ'.