ಸಿಎಫ್‌ಒ ಪ್ರೊಫೈಲಿಗೆ ಕ್ಯಾಂಡಲ್‌ಸ್ಟಿಕ್ ಚಾರ್ಟ್ ಯಾಕೆ ಬೇಡ

ಫೈನಾನ್ಸಲ್ಲಿ ಸೀನಿಯರ್ ಆಗಿರೋರ ಫೋಟೋ ತೆಗೆದು, ಅವರ ಲಿಂಕ್ಡ್‌ಇನ್ ಪ್ರೊಫೈಲ್ ಸರಿ ಮಾಡಿಕೊಡೋದು ನನ್ನ ಕೆಲಸ. ಅವರಲ್ಲಿ ಅರ್ಧಕ್ಕರ್ಧ ಜನ ಬ್ಯಾನರಿಗೆ, ಅಂದ್ರೆ ಪ್ರೊಫೈಲ್ ಫೋಟೋ ಹಿಂದೆ ಕಾಣೋ ಅಗಲದ ಪಟ್ಟಿಗೆ, ಹಾಕೋದು ಒಂದೇ ಥರದ ಚಿತ್ರ, ಮೇಲಕ್ಕೆ ಹೋಗೋ ಹಸಿರು ಬಾಣ, ಇಲ್ಲಾ ಕ್ಯಾಂಡಲ್‌ಸ್ಟಿಕ್ ಚಾರ್ಟ್, ಇಲ್ಲಾ ನಾಣ್ಯದ ಗುಡ್ಡೆ. ಫೈನಾನ್ಸ್ ಅಂದ್ರೆ ಇದೇ ತಾನೆ ಅಂತ ಹಾಕಿರ್ತಾರೆ, ಆದ್ರೆ ಸ್ಟಾಕ್ ಟಿಪ್ಸ್ ಮಾರೋರು, ಟ್ರೇಡಿಂಗ್ ಕೋರ್ಸ್ ನಡೆಸೋರು ಎಲ್ಲಾ ಇದೇ ಚಿತ್ರ ಹಾಕ್ಕೊಂಡು ಕೂತಿರೋದ್ರಿಂದ ನೋಡೋರ ಕಣ್ಣಿಗೆ ಸಿಎಫ್‌ಒನೂ ಅದೇ ಗುಂಪಿಗೆ ಸೇರಿಬಿಡ್ತಾರೆ.

ಒಂದು ಕೇಸ್ ಹೇಳ್ತೀನಿ. ಒಂದು ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಫೈನಾನ್ಸ್ ಹೆಡ್, ಮುಂದೆ ಬೋರ್ಡಲ್ಲಿ ಇಂಡಿಪೆಂಡೆಂಟ್ ಡೈರೆಕ್ಟರ್ ಆಗೋ ಆಸೆ ಇತ್ತು ಅವರಿಗೆ. ಪ್ರೊಫೈಲ್ ಫೋಟೋ ಯಾವುದೋ ಗ್ರೂಪ್ ಫೋಟೋಯಿಂದ ಕತ್ತರಿಸಿದ್ದು, ಪಕ್ಕದವರ ಭುಜ ಅರ್ಧ ಹಾಗೇ ಉಳ್ಕೊಂಡಿತ್ತು. ಕೊರಳಲ್ಲಿ ಕಾನ್ಫರೆನ್ಸ್ ಬ್ಯಾಡ್ಜ್ ಬೇರೆ. ಬ್ಯಾನರ್ ಹೇಳಿದ್ನಲ್ಲ, ಅದೇ ಹಸಿರು ಚಾರ್ಟ್.

ಮೊದಲು ಫೋಟೋನ ಸಣ್ಣದು ಮಾಡಿ ತೋರಿಸಿದೆ. ಯಾಕಂದ್ರೆ ನಾವು 400 ಬೈ 400 ಪಿಕ್ಸೆಲ್ ಫೋಟೋ ಅಪ್‌ಲೋಡ್ ಮಾಡಿದ್ರೂ ಕಾಮೆಂಟಲ್ಲಿ, ಸರ್ಚಲ್ಲಿ, ಮೆಸೇಜಲ್ಲಿ ಕಾಣೋದು ಉಗುರಿನಷ್ಟು ಗಾತ್ರದ ವೃತ್ತ ಮಾತ್ರ, ನಾಲ್ಕೂ ಮೂಲೆ ಹೋಗಿರತ್ತೆ. ಅಷ್ಟು ಸಣ್ಣದ್ರಲ್ಲಿ ಅವರ ಮುಖ ಒಂದು ಚುಕ್ಕೆ ಆಗಿತ್ತು, ಎದ್ದು ಕಾಣ್ತಿದ್ದಿದ್ದು ಬ್ಯಾಡ್ಜಿನ ದಾರ. ತಲೆಯಿಂದ ಭುಜದ ತನಕ ಇಟ್ಟು, ಮುಖ ಚೌಕಟ್ಟಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬೋ ಹಾಗೆ ಮಾಡಿದ್ರೆ ಆ ಸೈಜಲ್ಲೂ ಕಣ್ಣು ಕಾಣತ್ತೆ.

ಹಾಗಂತ ಹತ್ರ ಹೋಗಿ ಸೆಲ್ಫಿ ತೆಗಿಯೋಕೆ ಹೋಗ್ಬೇಡಿ. ಕೈ ಅಳತೆ ದೂರದಲ್ಲಿ ಫೋನ್ ಹಿಡಿದ್ರೆ ಮೂಗು ದಪ್ಪ ಆಗತ್ತೆ, ಕಿವಿ ಹಿಂದೆ ಸರಿಯತ್ತೆ. ಇದಕ್ಕೆ ಕಾರಣ ಲೆನ್ಸ್ ಅಲ್ಲ, ದೂರ. ಕ್ಯಾಮೆರಾ ಹತ್ರ ಇದ್ದಷ್ಟೂ ಮೂಗಿಗೂ ಕಿವಿಗೂ ಇರೋ ಅಂತರ ದೊಡ್ಡದಾಗಿ ಕಾಣತ್ತೆ ಅಷ್ಟೇ. ಇನ್ನೊಬ್ಬರ ಕೈಲಿ ಫೋನ್ ಕೊಟ್ಟು, ಒಂದೂವರೆ ಎರಡು ಮೀಟರ್ ದೂರದಿಂದ 2x ಝೂಮಲ್ಲಿ, ಕಣ್ಣಿನ ಮಟ್ಟದಿಂದ ತೆಗೆಸಿ. ಆ ಫೈನಾನ್ಸ್ ಹೆಡ್ ಅವರನ್ನ ನಾನು ದೊಡ್ಡ ಕಿಟಕಿ ಪಕ್ಕ ಸ್ವಲ್ಪ ಓರೆಯಾಗಿ ನಿಲ್ಲಿಸಿ, ತಲೆ ಮೇಲಿನ ಟ್ಯೂಬ್‌ಲೈಟ್ ಆರಿಸಿದೆ, ಇಲ್ಲಾಂದ್ರೆ ಕಣ್ಣಿನ ಕೆಳಗೆ ನೆರಳು ಬಿದ್ದು ವಾರ ನಿದ್ದೆ ಮಾಡದ ಹಾಗೆ ಕಾಣ್ತಾರೆ. ಕನ್ನಡಕದಲ್ಲಿ ಕಿಟಕಿ ಪ್ರತಿಫಲಿಸ್ತಿತ್ತು, ಗಲ್ಲ ಒಂಚೂರು ಇಳಿಸಿದ್ರು, ಹೋಯ್ತು. ತುಂಬಾ ಸಣ್ಣ ಗೆರೆಯ ಶರ್ಟ್ ಮಾತ್ರ ಬದಲಾಯಿಸಿದ್ವಿ, ಫೋಟೋ ಸಣ್ಣದಾದಾಗ ಆ ಗೆರೆಗಳು ಅಲೆ ಅಲೆಯಾಗಿ ಕುಣಿಯೋಕೆ ಶುರು ಮಾಡ್ತವೆ. ಚರ್ಮ ನುಣುಪು ಮಾಡೋ ಫಿಲ್ಟರ್ ಬೇಕಾ ಅಂತ ಕೇಳಿದ್ರು, ಬೇಡ ಅಂದೆ. ನರೆ ಕೂದಲು, ಹಣೆ ಗೆರೆ ಈ ಲೆವೆಲ್ಲಲ್ಲಿ ನಷ್ಟ ಏನಲ್ಲ, ಮೀಟಿಂಗಿಗೆ ಬಂದಾಗ ಬೇರೆ ಮನುಷ್ಯ ಅನ್ನಿಸಿದ್ರೆ ಅದು ನಷ್ಟ.

ಇನ್ನು ಬ್ಯಾನರ್. ಸೈಜ್ 1584 ಬೈ 396 ಪಿಕ್ಸೆಲ್, ಅಂದ್ರೆ ಅಗಲ ಎತ್ತರದ ನಾಲ್ಕು ಪಟ್ಟು. ಎಡಗಡೆ ಕೆಳಭಾಗದ ಮೇಲೆ ನಿಮ್ಮ ಫೋಟೋ ಬಂದು ಕೂರತ್ತೆ, ಫೋನಲ್ಲಿ ಇನ್ನೂ ಜಾಸ್ತಿ ಜಾಗ ತಿನ್ನತ್ತೆ, ಅಲ್ಲಿ ಏನು ಬರೆದ್ರೂ ಮುಚ್ಚಿಹೋಗತ್ತೆ. ಹಾಗಾಗಿ ಎಡಭಾಗ ಖಾಲಿ ಬಿಟ್ಟು, ಗಾಢ ನೀಲಿ ಹಿನ್ನೆಲೆ ಇಟ್ಟು, ಮಧ್ಯದಿಂದ ಬಲಕ್ಕೆ ಒಂದೇ ಸಾಲು ಹಾಕಿದ್ವಿ: ‘ಟ್ರೆಶರಿ, ಆಡಿಟ್, ಫಂಡ್ ರೈಸಿಂಗ್’. ಎಷ್ಟು ಕೋಟಿ ಎತ್ತಿದ್ದೀನಿ ಅಂತಾನೂ ಹಾಕ್ಬೇಕು ಅಂದ್ರು, ಆದ್ರೆ ಕಂಪನಿ ಹೊರಗೆ ಹೇಳದ ಅಂಕಿ ಬ್ಯಾನರಲ್ಲಿ ಬಂದ್ರೆ ನೋಡೋರಿಗೆ ಮೊದಲು ಬರೋ ಪ್ರಶ್ನೆನೇ ಇವರು ಗುಟ್ಟು ಇಟ್ಕೋತಾರಾ ಅನ್ನೋದು. ಅದಕ್ಕೇ ಆಫೀಸಲ್ಲಿ ತೆಗೆದ ಫೋಟೋ ಹಾಕೋರು ಹಿಂದಿನ ವೈಟ್‌ಬೋರ್ಡ್, ತೆರೆದ ಲ್ಯಾಪ್‌ಟಾಪ್ ಸ್ಕ್ರೀನ್ ಝೂಮ್ ಮಾಡಿ ಒಮ್ಮೆ ನೋಡ್ಕೊಳ್ಳಿ. ಕಂಪನಿ ಲೋಗೋ ಹಾಕೋದಾದ್ರೆ ಬ್ರ್ಯಾಂಡ್ ಟೀಮನ್ನ ಕೇಳಿ, ಬಹಳ ಕಡೆ ಅವರ ಹತ್ರ ರೆಡಿ ಬ್ಯಾನರ್ ಇರತ್ತೆ, ಕೆಲಸ ಬಿಟ್ಟ ದಿನ ಅದನ್ನ ತೆಗಿಯೋದು ಮರೀಬೇಡಿ.

ಬ್ಯಾನರಲ್ಲಿ ಅಕ್ಷರ ಇದ್ರೆ ಜೆಪಿಜಿ ಬದ್ಲು ಪಿಎನ್‌ಜಿ ಫೈಲ್ ಅಪ್‌ಲೋಡ್ ಮಾಡಿ, ಅಕ್ಷರದ ಅಂಚು ಮಸುಕಾಗೋದು ಕಮ್ಮಿ. ಆಮೇಲೆ ಬೇರೆಯವರ ಫೋನಿಂದ ತೆಗೆದು ನೋಡಿ, ಆ ಸಾಲಿನ ಮೊದಲ ಅಕ್ಷರ ಫೋಟೋ ವೃತ್ತದ ಕೆಳಗೆ ಸಿಕ್ಕಿಹಾಕ್ಕೊಂಡಿದ್ರೆ ಇಡೀ ಸಾಲನ್ನ ಇನ್ನೊಂಚೂರು ಬಲಕ್ಕೆ ತಳ್ಳಿ.