ಅಕ್ಕನ ಒಪ್ಪಿಗೆ ಪತ್ರ ಸಾಲದು

ಮನೆಯ ಯಜಮಾನರು ತೀರಿಕೊಂಡ ಮೇಲೆ ಖಾತೆ ಬದಲಾಯಿಸಲು ಬರುವವರ ಫೈಲಿನಲ್ಲಿ ಒಂದು ಕಾಗದ ಇದ್ದೇ ಇರುತ್ತದೆ. ಛಾಪಾ ಕಾಗದ, ಅದರ ಮೇಲೆ ನೋಟರಿಯ ಮುದ್ರೆ, ‘ತಂದೆಯವರ ಮನೆಯ ಖಾತೆಯನ್ನು ನನ್ನ ತಮ್ಮನ ಹೆಸರಿಗೆ ಮಾಡಿಕೊಡಲು ನನ್ನದೇನೂ ಅಭ್ಯಂತರವಿಲ್ಲ’ ಎಂಬ ಒಕ್ಕಣೆ, ಕೆಳಗೆ ಅಕ್ಕನ ಸಹಿ. ಅಕ್ಕ ಬರೆದುಕೊಟ್ಟಾಯಿತು, ಇನ್ನು ಖಾತೆ ಆದರೆ ಮನೆ ನನ್ನದೇ ಎಂದು ತಮ್ಮ ನಂಬಿರುತ್ತಾನೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುವುದಿಲ್ಲ.

ಖಾತೆ ಎಂದರೆ ಮನೆಗಂದಾಯವನ್ನು ಯಾರಿಂದ ವಸೂಲು ಮಾಡಬೇಕು ಎಂದು ಪಾಲಿಕೆ ಇಟ್ಟುಕೊಂಡಿರುವ ಲೆಕ್ಕ. ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದೂ ಇಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಯಾರ ಹಕ್ಕೂ ಹೋಗುವುದಿಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಉಸಿರು ನಿಂತ ಗಳಿಗೆಯಲ್ಲೇ ಅಕ್ಕನ ಪಾಲು ಅಕ್ಕನದಾಗಿದೆ. ತನ್ನದಾಗಿರುವ ಆ ಪಾಲನ್ನು ಆಕೆ ಬಿಟ್ಟುಕೊಡಬೇಕಾದರೆ ನೋಂದಾಯಿತ ಪತ್ರವೇ ಬೇಕು. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು ಎಂದು 1908ರ ನೋಂದಣಿ ಕಾಯ್ದೆಯ 17ನೇ ಕಲಮು ಹೇಳುತ್ತದೆ. ನೋಟರಿ ಮುದ್ರೆ ನೋಂದಣಿಯಲ್ಲ. ಅದು ಸಹಿ ಯಾರದೆಂದು ದೃಢಪಡಿಸುತ್ತದೆ, ಅಷ್ಟೇ.

ಇಂಥ ಒಪ್ಪಿಗೆ ಪತ್ರ ನೋಡಿ ಒಬ್ಬರ ಹೆಸರಿಗೇ ಖಾತೆ ಮಾಡಿಕೊಟ್ಟ ಕಚೇರಿಗಳೂ ಉಂಟು. ತೊಂದರೆ ಕಾಣುವುದು ಆಮೇಲೆ, ಮನೆ ಮಾರುವಾಗಲೋ ಸಾಲ ಕೇಳಿದಾಗಲೋ. ಅಕ್ಕನ ಹಕ್ಕು ಬಿಡುಗಡೆ ಪತ್ರ ಎಲ್ಲಿ ಎಂದು ಬ್ಯಾಂಕಿನ ವಕೀಲರು ಕೇಳುತ್ತಾರೆ. ಅಷ್ಟರಲ್ಲಿ ಅಕ್ಕ ತೀರಿಕೊಂಡಿದ್ದರೆ ಆ ಪಾಲಿಗೆ ಭಾವ ಮತ್ತು ಅವರ ಮಕ್ಕಳು ವಾರಸುದಾರರು. ಒಂದು ಸಹಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಅವರೆಲ್ಲರ ಸಹಿ ಬೇಕು.

ಲೆಕ್ಕ ಹಾಕಿ ನೋಡೋಣ. ಮೈಸೂರಿನಲ್ಲಿ 30x40 ನಿವೇಶನ, 1988ರಲ್ಲಿ ತಂದೆ ಸ್ವಂತ ದುಡಿಮೆಯಿಂದ ಕೊಂಡದ್ದು, ಮೇಲೆ ಕಟ್ಟಿದ ಮನೆ. ಹಿಂದೂ ಕುಟುಂಬ, ಉಯಿಲು ಇಲ್ಲ. ತಂದೆ ಹೋದಾಗ ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಒಬ್ಬ ಮಗಳು ಇದ್ದಾರೆ. ಪಾಲು ಎಷ್ಟು ಎಂದರೆ ಎಲ್ಲರೂ ನಾಲ್ಕು ಎನ್ನುತ್ತಾರೆ. ಹಳ್ಳಿಯಲ್ಲಿ ಅಜ್ಜಿ, ಎಂದರೆ ತೀರಿಕೊಂಡವರ ತಾಯಿ, ಇನ್ನೂ ಬದುಕಿದ್ದರೆ ಪಾಲು ಐದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿಯೂ ಮೊದಲನೇ ವರ್ಗದ ವಾರಸುದಾರಳು. ಐವರಿಗೂ ತಲಾ ಐದನೇ ಒಂದು. ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರ ತಿದ್ದುಪಡಿಯಿಂದ, ಅದಕ್ಕೂ ಮೊದಲು ಮದುವೆಯಾದವಳಿಗೆ ಇಲ್ಲ ಎನ್ನುವವರು ಪಿತ್ರಾರ್ಜಿತದ ಮಾತನ್ನು ಇಲ್ಲಿಗೆ ತರುತ್ತಿದ್ದಾರೆ. ತಂದೆಯ ಸ್ವಯಾರ್ಜಿತದಲ್ಲಿ ಮಗಳ ಸಮಪಾಲು 1956ರಿಂದಲೇ ಇದೆ.

ಅಜ್ಜಿಯನ್ನು ಮರೆತರೆ ಏನಾಗುತ್ತದೆ? ಅವರಿಗೆ ಒಬ್ಬ ಮಗಳಿದ್ದಾರೆ, ಮಕ್ಕಳಿಗೆ ಸೋದರತ್ತೆ, ಎಂದುಕೊಳ್ಳಿ. ಅಜ್ಜ ಮೊದಲೇ ಇಲ್ಲ, ಬೇರೆ ಮಕ್ಕಳೂ ಇಲ್ಲ. ಎರಡು ವರ್ಷದ ಮೇಲೆ ಅಜ್ಜಿಯೂ ಉಯಿಲಿಲ್ಲದೆ ತೀರಿಕೊಂಡರೆ ಅವರ ಐದನೇ ಒಂದರಲ್ಲಿ ಅರ್ಧ ಸೋದರತ್ತೆಗೆ, ಉಳಿದರ್ಧ ಸತ್ತ ಮಗನ ಮೂವರು ಮಕ್ಕಳಿಗೆ. ಅಲ್ಲಿಗೆ ಇಡೀ ಮನೆಯ ಹತ್ತನೇ ಒಂದು ಭಾಗಕ್ಕೆ ಸೋದರತ್ತೆ ಒಡತಿ. ಅಜ್ಜಿ ಇದ್ದಾಗಲೇ ಅವರ ಪಾಲಿನ ತೀರ್ಮಾನ ಮಾಡಿಕೊಳ್ಳಿ ಎನ್ನುವುದು ಇದಕ್ಕೇ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ. ಅವರು ತಮ್ಮ ಕಾನೂನು ಬಲ್ಲ ವಕೀಲರನ್ನೇ ಕೇಳಬೇಕು.

ಹಾಗಾದರೆ ದಾರಿ ಯಾವುದು? ಮೊದಲು ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಿಸಿ, ಆಮೇಲೆ ಪಾಲಿನ ಮಾತು. ಈ ಕ್ರಮವನ್ನು ತಿರುಗುಮುರುಗು ಮಾಡಬೇಡಿ. ಈಗ ಉಪನೋಂದಣಿ ಕಚೇರಿಯಲ್ಲಿ ನಗರದ ಆಸ್ತಿಯ ಪತ್ರಗಳಿಗೆ ಇ-ಖಾತೆ ಕೇಳುತ್ತಾರೆ. ಖಾತೆ ಸತ್ತವರ ಹೆಸರಲ್ಲೇ ನಿಂತಿದ್ದರೆ ಬಿಡುಗಡೆ ಪತ್ರದ ನೋಂದಣಿಯೇ ಸಿಕ್ಕಿಹಾಕಿಕೊಳ್ಳಬಹುದು.

ಜಂಟಿ ಖಾತೆಗೆ ಬೇಕಾದ ಕಾಗದಗಳು ಹೆಚ್ಚೇನಿಲ್ಲ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಕ್ರಯಪತ್ರ, ಹಳೆಯ ಖಾತೆಯ ನಕಲು, ಇತ್ತೀಚಿನವರೆಗಿನ ಋಣಭಾರ ಪತ್ರ, ಚಾಲ್ತಿ ವರ್ಷದ ಕಂದಾಯ ರಸೀದಿ, ಕರೆಂಟ್ ಬಿಲ್, ಎಲ್ಲ ವಾರಸುದಾರರ ಗುರುತಿನ ಚೀಟಿ ಮತ್ತು ಪ್ರಮಾಣಪತ್ರ. ಕೆಲವೆಡೆ ನಷ್ಟಭರ್ತಿ ಮುಚ್ಚಳಿಕೆಯನ್ನೂ ಕೇಳುತ್ತಾರೆ. ಮೂಲ ಕ್ರಯಪತ್ರ ಕಳೆದಿದ್ದರೆ ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ. ಋಣಭಾರ ಪತ್ರದಲ್ಲಿ ಸಾವಿನ ಸುದ್ದಿ ಬರುವುದಿಲ್ಲ. ಅದನ್ನು ತೆಗೆಸುವುದು ತಂದೆ ಬರೆದುಕೊಟ್ಟ ಅಡಮಾನವೋ ದಾನಪತ್ರವೋ ನೋಂದಣಿಯಾಗಿದೆಯೇ ಎಂದು ನೋಡುವುದಕ್ಕೆ.

ಇವುಗಳಲ್ಲಿ ವಂಶವೃಕ್ಷದ ಮೇಲೆಯೇ ಎಲ್ಲವೂ ನಿಂತಿದೆ. ಮದುವೆಯಾದ ಮಗಳನ್ನು ಬಿಟ್ಟು ಬರೆಸಿದರೆ ಅದು ಮರೆವಲ್ಲ, ಪ್ರಮಾಣ ಮಾಡಿ ಹೇಳಿದ ಸುಳ್ಳು. ಮುಂದೆ ಆಕೆ ನ್ಯಾಯಾಲಯಕ್ಕೆ ಹೋದರೆ ಆ ಕಾಗದವೇ ನಿಮ್ಮ ವಿರುದ್ಧದ ಸಾಕ್ಷ್ಯ. ತಂದೆಗಿಂತ ಮೊದಲೇ ತೀರಿಕೊಂಡ ಮಗನಿದ್ದರೆ ಅವನ ಹೆಂಡತಿ ಮಕ್ಕಳ ಹೆಸರೂ ಇರಬೇಕು, ಅವರಿಗೆಲ್ಲ ಸೇರಿ ಅವನ ಒಂದು ಪಾಲು ಬರುತ್ತದೆ.

ಅರ್ಜಿಗಳು ವಾಪಸಾಗುವ ಇನ್ನೊಂದು ಕಾರಣ ಹೆಸರು. ಕ್ರಯಪತ್ರದಲ್ಲಿ ‘ಎಂ. ನಂಜಪ್ಪ’, ಕಂದಾಯ ರಸೀದಿಯಲ್ಲಿ ‘ನಂಜಪ್ಪ ಬಿನ್ ಮಾದಪ್ಪ’, ಮರಣ ಪ್ರಮಾಣಪತ್ರದಲ್ಲಿ ‘ನಂಜುಂಡಪ್ಪ’ ಎಂದಿದ್ದರೆ ಮೂರೂ ಒಬ್ಬರೇ ಎಂದು ಗುಮಾಸ್ತರು ತಾವಾಗಿ ಊಹಿಸಿಕೊಳ್ಳುವಂತಿಲ್ಲ. ಇನಿಷಿಯಲ್‌ನಷ್ಟು ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಪ್ರಮಾಣಪತ್ರ ನಡೆಯುತ್ತದೆ. ಹೆಸರೇ ಬೇರೆಯಾಗಿ ಕಂಡರೆ ಮರಣ ಪ್ರಮಾಣಪತ್ರವನ್ನೇ ತಿದ್ದಿಸಬೇಕು. ಸಾವು ನೋಂದಾಯಿಸುವ ದಿನವೇ ಕ್ರಯಪತ್ರ ನೋಡಿ ಹೆಸರು ಬರೆಸಿದರೆ ಈ ಅಲೆದಾಟ ಇಲ್ಲ, ಆದರೆ ಆ ದಿನ ಯಾರಿಗೆ ತಾನೆ ಕ್ರಯಪತ್ರ ನೆನಪಾಗುತ್ತದೆ.

ಉಯಿಲು ಇದ್ದರೆ ಅದರ ಪ್ರತಿ ಕೊಟ್ಟು ಅದರಂತೆ ಅರ್ಜಿ ಹಾಕಿ. ಉಳಿದ ವಾರಸುದಾರರು ಅದನ್ನು ಒಪ್ಪದಿದ್ದರೆ ತೀರ್ಮಾನ ಆಗಬೇಕಾದದ್ದು ಸಿವಿಲ್ ನ್ಯಾಯಾಲಯದಲ್ಲಿ. ಆ ಉಯಿಲು ಸರಿಯೋ ಸುಳ್ಳೋ ಎಂದು ಹೇಳುವ ಅಧಿಕಾರ ಕಂದಾಯಾಧಿಕಾರಿಗೆ ಇಲ್ಲ.

ಜಂಟಿ ಖಾತೆ ಕೈಗೆ ಬಂದ ಮೇಲೆ ಅಕ್ಕ ನಿಜಕ್ಕೂ ಮನಸಾರೆ ಬಿಡುವುದಾದರೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ. ಒಡಹುಟ್ಟಿದವರ ನಡುವಿನ ಬಿಡುಗಡೆಗೆ ಹೊರಗಿನವರ ವ್ಯವಹಾರದಷ್ಟು ಮುದ್ರಾಂಕ ಶುಲ್ಕ ಬೀಳುವುದಿಲ್ಲ. ಇಂದಿನ ದರವನ್ನು ಉಪನೋಂದಣಿ ಕಚೇರಿಯಲ್ಲೇ ಕೇಳಿಕೊಳ್ಳಿ, ಹಳೆಯ ಅಂಕಿ ನಂಬಬೇಡಿ. ಬಿಡುಗಡೆ ಜಂಟಿ ಹಕ್ಕುದಾರರ ಪರವಾಗಿ ಮಾತ್ರ ಆಗುತ್ತದೆ. ತಮ್ಮ ಬದುಕಿರುವಾಗ ಅವನ ಹೆಂಡತಿಯ ಹೆಸರಿಗೆ ಬಿಡುಗಡೆ ಬರೆಸಲಾಗದು, ಅದಕ್ಕೆ ದಾನಪತ್ರವೋ ಕ್ರಯಪತ್ರವೋ ಬೇಕು. ಇಬ್ಬರು ತಮ್ಮಂದಿರಿದ್ದು ಒಬ್ಬನಿಗೇ ಬಿಡುವುದಾದರೆ ಅವನ ಹೆಸರನ್ನು ಪತ್ರದಲ್ಲಿ ಬಿಡಿಸಿ ಬರೆಯಬೇಕು. ನೋಂದಣಿಯಾದ ಆ ಪತ್ರವನ್ನು ಕೊಟ್ಟು ಮತ್ತೊಮ್ಮೆ ಖಾತೆ ಬದಲಾವಣೆಗೆ ಅರ್ಜಿ ಹಾಕಿ.

ಹೊಸ ಖಾತೆ ಬಂದಾಗ ಕಚೇರಿ ಬಿಡುವ ಮುಂಚೆ ಅಲ್ಲೇ ನಿಂತು ಓದಿ. ಹೆಸರಿನ ಅಕ್ಷರ, ನಿವೇಶನದ ಅಳತೆ ಮತ್ತು ನಾಲ್ಕು ಕಡೆಯ ಚಕ್ಕುಬಂದಿಯನ್ನು ಕ್ರಯಪತ್ರದ ಪಕ್ಕದಲ್ಲಿಟ್ಟು ತಾಳೆ ನೋಡಿ. ಪೂರ್ವ ಪಶ್ಚಿಮ ಅದಲುಬದಲಾದದ್ದು ಅವತ್ತೇ ಕಂಡರೆ ಒಂದು ತಿದ್ದುಪಡಿ ಅರ್ಜಿ. ಮಾರುವಾಗ ಕಂಡರೆ, ಕೊಳ್ಳುವವರು ಮುಂಗಡ ಹಿಡಿದುಕೊಂಡು ಕಾಯುತ್ತಿರುತ್ತಾರೆ.