ರೆಟಿನಾಲ್: ಮುಖದಲ್ಲಿ ಎದ್ದದ್ದೆಲ್ಲ ಪರ್ಜಿಂಗ್ ಅಲ್ಲ

ಮೊಡವೆ, ಕಲೆಗಳು ಹೋಗಲೆಂದು ಮುಖಕ್ಕೆ ಹಚ್ಚುವ ರೆಟಿನಾಲ್ 'ಎ' ಜೀವಸತ್ವದ ಒಂದು ರೂಪ. ಚರ್ಮದೊಳಗೆ ಅದು ಎರಡು ಹಂತಗಳಲ್ಲಿ ರೆಟಿನೋಯಿಕ್ ಆಮ್ಲವಾಗಿ ಮಾರ್ಪಟ್ಟ ಮೇಲಷ್ಟೇ ಕೆಲಸ ಮಾಡುವುದರಿಂದ, ವೈದ್ಯರು ಬರೆದುಕೊಡುವ ಟ್ರೆಟಿನಾಯಿನ್‌ಗಿಂತ ಸೌಮ್ಯವಾಗಿರುತ್ತದೆ ಮತ್ತು ಫಲ ಕಾಣಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಈ ಕಾಯುವಿಕೆ ಸಹಿಸದೆ ಮೊದಲ ವಾರದಿಂದಲೇ ದಿನವೂ ಹಚ್ಚುವವರೇ ನನ್ನ ಬಳಿ ಹೆಚ್ಚಾಗಿ ಬರುತ್ತಾರೆ.

ಇಪ್ಪತ್ತರ ಕೊನೆಯಲ್ಲಿರುವ ಒಬ್ಬ ಯುವತಿಗೆ ದವಡೆಯ ಅಂಚಿನಲ್ಲಿ ಆಗಾಗ ಮೊಡವೆ ಏಳುತ್ತಿತ್ತು. ಪ್ರತಿ ರಾತ್ರಿ ಶೇ. 1ರ ರೆಟಿನಾಲ್ ಸೀರಮ್ ಹಚ್ಚಿ, ಬೆಳಿಗ್ಗೆ ಸತ್ತ ಕೋಶಗಳನ್ನು ಉದುರಿಸುವ ಗ್ಲೈಕಾಲಿಕ್ ಆಮ್ಲವಿರುವ ಫೇಸ್‌ವಾಶ್ ಬಳಸುತ್ತಿದ್ದ ಆಕೆಗೆ ಎರಡನೆಯ ವಾರದಲ್ಲಿ ಕೆನ್ನೆ ಕೆಂಪೇರಿ, ಮೂಗಿನ ಪಕ್ಕದ ಚರ್ಮ ಸುಲಿಯತೊಡಗಿತು. ಅದನ್ನು ಪರ್ಜಿಂಗ್ ಎಂದು ಭಾವಿಸಿ ಆಕೆ ಮುಂದುವರಿಸಿದ್ದರು.

ಚರ್ಮದ ಕೋಶಗಳು ಬೇಗ ಬೇಗ ಉದುರಿ ಹೊಸದಾಗುವಾಗ, ರಂಧ್ರಗಳಲ್ಲಿ ಮೊದಲೇ ಕಟ್ಟಿಕೊಂಡಿದ್ದ, ಕಣ್ಣಿಗೆ ಕಾಣದ ಗಂಟುಗಳು ಒಟ್ಟಿಗೆ ಮೇಲೆ ಬರುವುದೇ ಪರ್ಜಿಂಗ್. ಆದ್ದರಿಂದ ಅದು ಮಾಮೂಲಾಗಿ ಮೊಡವೆ ಏಳುವ ಜಾಗದಲ್ಲೇ ಕಾಣಿಸಿಕೊಂಡು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ತಗ್ಗುತ್ತದೆ. ಎಂದೂ ಮೊಡವೆ ಏಳದ ಕೆನ್ನೆ ಉರಿದರೆ, ಬರೀ ನೀರು ಸೋಕಿದರೂ ಚುರುಗುಟ್ಟಿದರೆ, ತುಟಿಯ ಮೂಲೆ ಬಿರಿದರೆ ಅದು ಕಿರಿಕಿರಿಯ ಉರಿಯೂತ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಅಂಥ ಉರಿಯೂತ ಆರಿದ ಮೇಲೂ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಲೆ ಹೋಗಲೆಂದು ಹಚ್ಚಿದ್ದೇ ಕಲೆ ತಂದಂತಾಗುತ್ತದೆ.

ಆ ಯುವತಿಗೆ ಸೀರಮ್, ಆಮ್ಲದ ಫೇಸ್‌ವಾಶ್ ಎರಡನ್ನೂ ನಿಲ್ಲಿಸಿ, ಮೂರು ವಾರ ಸೌಮ್ಯ ಫೇಸ್‌ವಾಶ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಮಾತ್ರ ಬಳಸಲು ಹೇಳಿದೆ. ಉರಿ ಪೂರ್ತಿ ಇಳಿದ ಮೇಲೆ, ಹೊಸಬರಿಗೆ ಹೇಳುವ ಕ್ರಮದಲ್ಲೇ ಮತ್ತೆ ಆರಂಭಿಸಿದೆವು: ಶೇ. 0.2ರ ಆಸುಪಾಸಿನ ರೆಟಿನಾಲ್, ವಾರಕ್ಕೆ ಎರಡು ರಾತ್ರಿ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಮುಖ ತೊಳೆದು ಪೂರ್ತಿ ಒಣಗಿದ ಮೇಲೆ ಮೊದಲು ಮಾಯಿಶ್ಚರೈಸರ್, ನಂತರ ರೆಟಿನಾಲ್, ಮತ್ತೆ ತೆಳುವಾಗಿ ಮಾಯಿಶ್ಚರೈಸರ್. ರೆಪ್ಪೆ, ಮೂಗಿನ ಮಡಿಕೆ, ತುಟಿಯ ಮೂಲೆಗಳನ್ನು ಬಿಡಬೇಕು. ನಾಲ್ಕು ವಾರ ತೊಂದರೆಯಾಗದಿದ್ದರೆ ಒಂದು ದಿನ ಬಿಟ್ಟು ಒಂದು ದಿನ ಹಚ್ಚಬಹುದು. ಅನೇಕರಿಗೆ ಅಷ್ಟೇ ಸಾಕು. ಹಗಲು ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಲಾರದವರು ರೆಟಿನಾಲ್ ತಂಟೆಗೆ ಹೋಗದಿರುವುದೇ ಒಳ್ಳೆಯದು. ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸುವವರು ಒಂದು ವಾರ ಮೊದಲೇ ರೆಟಿನಾಲ್ ನಿಲ್ಲಿಸದಿದ್ದರೆ ಮೇಲ್ಚರ್ಮವೂ ಕಿತ್ತು ಬರಬಹುದು.

ಗರ್ಭಿಣಿಯರು ಮತ್ತು ಗರ್ಭಧಾರಣೆಗೆ ಯೋಜಿಸುತ್ತಿರುವವರು ಇದನ್ನು ಬಳಸಬಾರದು. ಎದೆಹಾಲುಣಿಸುವವರೂ ದೂರವಿರುವುದು ಕ್ಷೇಮ. ಎಕ್ಸಿಮಾ, ರೊಸೇಶಿಯಾ ಇರುವವರು ಮತ್ತು ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಿಳುಪಾಗಲೆಂದು ಔಷಧಿ ಅಂಗಡಿಯ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದವರು ಮೊದಲು ಆ ಟ್ಯೂಬನ್ನು ಚರ್ಮವೈದ್ಯರಿಗೆ ತೋರಿಸಬೇಕು. ಅದರಲ್ಲಿ ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಇದ್ದರೆ ಚರ್ಮ ಆಗಲೇ ತೆಳುವಾಗಿರುತ್ತದೆ. ಜೊತೆಗೆ ಟ್ರೆಟಿನಾಯಿನ್ ಕೂಡ ಇದ್ದರೆ, ರೆಟಿನಾಲ್‌ಗಿಂತ ಪ್ರಬಲವಾದದ್ದನ್ನೇ ಆಗಲೇ ಹಚ್ಚಿರುವ ಅವರು ಹೊಸದಾಗಿ ಆರಂಭಿಸುವವರೇ ಅಲ್ಲ.